ಚಪ್ಪರ ಹಾಕಿದವರ ಫೋಟೋ

ಶಿರಸಿಯ ಪೇಟೆಯಲ್ಲಿ ನನಗೊಂದು ಅಡ್ಡಹೆಸರಿತ್ತು: ನಾಮಕರಣದ ಮಧುರಕ್ಕ. ನಾನು ಮಕ್ಕಳಿಗೆ ಹೆಸರಿಡುವವಳಲ್ಲ, ಫೋಟೋಗಳಿಗೆ ಇಡುವವಳು. ಪಕ್ಕದ ಅಂಗಡಿಯ ನಾಗಪತಿ ಚಹಾ ಕುಡಿಯಲು ಬಂದಾಗಲೆಲ್ಲ ಕಂಪ್ಯೂಟರಿನತ್ತ ಬಗ್ಗಿ ನೋಡಿ, "ಇವತ್ತು ಯಾರದ್ದು ತೊಟ್ಲು?" ಎಂದು ಕೇಳುತ್ತಿದ್ದ. ಕೇಳಲಿ. ನನಗೆ ಅದರಲ್ಲಿ ಬೇಸರವಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಿತ್ತು.

ಸ್ಟುಡಿಯೋ ಅಪ್ಪನದು. ಅಪ್ಪನ ಕಾಲದಲ್ಲಿ ನೆಗೆಟಿವ್‌ಗಳು ಬಿಸ್ಕೀಟಿನ ಡಬ್ಬಿಗಳಲ್ಲಿ ಇರುತ್ತಿದ್ದವು. ಯಾವ ಡಬ್ಬಿಯಲ್ಲಿ ಯಾರ ಮದುವೆ ಎಂಬುದು ಅಪ್ಪನ ತಲೆಯಲ್ಲಿ ಇರುತ್ತಿತ್ತು. ಅಪ್ಪ ತೀರಿಕೊಂಡ ದಿನ ಅಷ್ಟೂ ಮದುವೆಗಳು ಅವನ ಜೊತೆಗೇ ಹೋದವು. ಡಬ್ಬಿಗಳು ಉಳಿದವು, ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದರೆ ಎಲ್ಲರೂ ಕಪ್ಪು ಹಲ್ಲಿನ, ಬಿಳಿ ಕೂದಲಿನ ಒಂದೇ ಥರದ ಜನ. ಆಮೇಲೆ ಸ್ಟುಡಿಯೋ ನನಗೂ ತಮ್ಮ ಸುಜಯನಿಗೂ ಸೇರಿತು. ಕ್ಯಾಮೆರಾ ಅವನದು, ಕೌಂಟರು ನನ್ನದು. 2003ರಲ್ಲಿ ಡಿಜಿಟಲ್ ಕ್ಯಾಮೆರಾ ಮತ್ತು ಕಂಪ್ಯೂಟರು ತಂದಾಗ ಕಂಪ್ಯೂಟರೂ ನನ್ನ ಪಾಲಿಗೆ ಬಂತು. ಬಂದ ದಿನವೇ ನಾನು ನಿರ್ಧರಿಸಿದೆ: ಈ ಸಲ ಯಾವುದೂ ಯಾರ ತಲೆಯಲ್ಲೂ ಇರಕೂಡದು.

ಕ್ಯಾಮೆರಾ ತಾನಾಗಿ ಕೊಡುವ ಹೆಸರು ಯಾರಿಗೂ ಪ್ರಯೋಜನವಿಲ್ಲದ್ದು. ನಾಲ್ಕು ಅಕ್ಷರ, ನಾಲ್ಕು ಅಂಕೆ, ಹತ್ತು ಸಾವಿರ ಮುಟ್ಟುವ ಹೊತ್ತಿಗೆ ಮತ್ತೆ ಒಂದರಿಂದ ಶುರು. ಹಾಗೇ ಬಿಟ್ಟರೆ ಒಂದೇ ಹೆಸರಿನಲ್ಲಿ ಒಂದು ಕಡೆ ಮದುಮಗಳು, ಇನ್ನೊಂದು ಕಡೆ ಶಾಲೆಯ ಹೆಡ್‌ಮಾಸ್ತರರು. ಅದಕ್ಕೆ ನಾನು ಕಾರ್ಡಿನಿಂದ ಫೋಟೋ ಇಳಿಸಿದ ಕೂಡಲೇ ಒಂದು ಫೋಲ್ಡರ್ ಮಾಡಿ ಹೆಸರು ಕೊಡುತ್ತಿದ್ದೆ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಆಮೇಲೆ ಊರು, ಕೊನೆಗೆ ಕಾರ್ಯಕ್ರಮ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳ ಒಂದನೇ ತಾರೀಕುಗಳೂ ಒಟ್ಟಿಗೆ ಬಂದು ಕೂರುತ್ತವೆ. ವರ್ಷ ಮೊದಲಿದ್ದರೆ ಕಂಪ್ಯೂಟರು ತಾನೇ ಕಾಲಕ್ರಮದಲ್ಲಿ ಸಾಲು ಹಚ್ಚುತ್ತದೆ. ಮೇ ತಿಂಗಳಿಗೆ ಬರೀ ಐದಲ್ಲ, ಸೊನ್ನೆ ಐದು. ಒಳಗಿನ ಫೋಟೋಗಳಿಗೆ ಅದೇ ಹೆಸರು, ಬಾಲಕ್ಕೆ 001, 002 ಎಂದು ಸಾಲು ನಂಬರು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಏಕೆಂದರೆ ಆಗ ಫೈಲಿಗೆ ಕನ್ನಡದಲ್ಲಿ ಹೆಸರು ಕೊಟ್ಟರೆ ಮತ್ತೊಂದು ಕಂಪ್ಯೂಟರಿನಲ್ಲಿ ಕಾಗೆ ಕಾಲಿನ ಗುರುತಾಗಿ ಕಾಣುತ್ತಿತ್ತು.

ಮದುವೆಗಳಲ್ಲಿ ಇನ್ನೊಂದು ಎಚ್ಚರ ಬೇಕಿತ್ತು. ನಮ್ಮ ಕಡೆ ಮದುವೆ ಹೆಣ್ಣಿನ ಮನೆಯಲ್ಲಿ, ವಧುಪ್ರವೇಶ ಮರುದಿನ ಗಂಡಿನ ಮನೆಯಲ್ಲಿ. ಎರಡನ್ನೂ ಒಂದೇ ಫೋಲ್ಡರಿಗೆ ತುಂಬಿದರೆ, ಗಂಡಿನ ಕಡೆಯ ನೆಂಟರನ್ನು ಹೆಣ್ಣಿನ ಊರಿನ ಹೆಸರಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ. ನಾನು ಎರಡು ಮಾಡುತ್ತಿದ್ದೆ. ಕ್ಯಾಮೆರಾದ ಬ್ಯಾಟರಿ ಪೂರ್ತಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿದ್ದರೆ ಸುಜಯನಿಗೆ ಬೈದು ಸರಿಮಾಡಿಸುತ್ತಿದ್ದೆ. ಅವನು ನಗುತ್ತಿದ್ದ. "ಅಕ್ಕಾ, ಫೋಟೋ ತೆಗ್ಯವ ಆನು, ಜಾತಕ ಬರ್ಯವಳು ನೀನು" ಎನ್ನುತ್ತಿದ್ದ. ನಮ್ಮ ಮನೆಮಾತಿನಲ್ಲಿ ನಾನು ಎನ್ನುವುದಕ್ಕೆ ಆನು. ನಗುವಾಗ ಅವನ ಮುಖ ಅಪ್ಪನದೇ. ಆ ಮುಖವನ್ನು ನಾನು ಅನುಮಾನಿಸಿದ್ದೇ ಇಲ್ಲ.

ಈ ನಾಮಕರಣದ ಬೆಲೆ ಜನಕ್ಕೆ ಗೊತ್ತಾದದ್ದು ಸಾವಿನ ಮನೆಗಳಿಂದ. ಯಾರಾದರೂ ತೀರಿಕೊಂಡಾಗ ಗೋಡೆಗೆ ಹಾಕಲು ಫೋಟೋ ಬೇಕು. ಬದುಕಿದ್ದಾಗ ಒಬ್ಬರೇ ನಿಂತು ಫೋಟೋ ತೆಗೆಸಿಕೊಂಡವರು ಎಷ್ಟು ಜನ? ಆದರೆ ಯಾವುದೋ ಮದುವೆಗೋ ಉಪನಯನಕ್ಕೋ ಹೋಗಿರುತ್ತಾರೆ, ಅಲ್ಲಿ ಸುಜಯನ ಕ್ಯಾಮೆರಾಕ್ಕೆ ಸಿಕ್ಕಿರುತ್ತಾರೆ. ಮನೆಯವರು ಬಂದು ಕೂರುತ್ತಿದ್ದರು. ತಾರೀಕು ಯಾರಿಗೂ ನೆನಪಿರುವುದಿಲ್ಲ. "ವಾನಳ್ಳಿ ಬದಿಗೊಂದು ಮದುವೆ, ಅವತ್ತು ಸಿಕ್ಕಾಪಟ್ಟೆ ಮಳೆ ಬಂದು ಊಟದ ಪಂಕ್ತಿ ಎದ್ದೋತು" ಎನ್ನುತ್ತಾರೆ. ನಾನು ಒಂದೆರಡು ಪ್ರಶ್ನೆ ಕೇಳಿ ವರ್ಷ ಹಿಡಿಯುತ್ತಿದ್ದೆ, ಊರಿನ ಹೆಸರು ಹಾಕಿ ಹುಡುಕುತ್ತಿದ್ದೆ, ಫೋಲ್ಡರ್ ತೆರೆಯುತ್ತಿದ್ದೆ. ಮದುಮಕ್ಕಳ ಪಕ್ಕದಲ್ಲಿ ಅಜ್ಜನೋ ಅತ್ತೆಯೋ ನಿಂತಿರುತ್ತಿದ್ದರು. ಅವರನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡುತ್ತಿದ್ದೆ. ಫೋಟೋ ನೋಡಿ ಕೌಂಟರಿನ ಮೇಲೆಯೇ ಅತ್ತವರಿದ್ದಾರೆ. ಒಂದು ಸಲವೂ ಯಾರನ್ನೂ ಬರಿಗೈಯಲ್ಲಿ ಕಳಿಸಿರಲಿಲ್ಲ.

ಆ ಮಾತನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

2008ರ ಮಳೆಗಾಲ ಮುಗಿಯುತ್ತ ಬಂದಾಗ ಗಂಗೆ ಬಂದಳು. ಸಿದ್ದಾಪುರ ತಾಲೂಕಿನ ತ್ಯಾಗಲಿಯವಳು. ಗಂಡ ಚೌಡ ಗದ್ದೆಯ ಅಂಚಿನಲ್ಲಿ ಕುಸಿದು ಬಿದ್ದವನು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟಿದ್ದ. ಉತ್ತರಕ್ರಿಯೆಯ ದಿನದ ಕಾರ್ಯಕ್ಕೆ ಫೋಟೋ ಬೇಕಿತ್ತು. ಸೆರಗಿನ ಗಂಟು ಬಿಚ್ಚಿ ಮತದಾರರ ಗುರುತಿನ ಚೀಟಿ ತೆಗೆದು ಕೌಂಟರಿನ ಮೇಲಿಟ್ಟಳು. ಅದರಲ್ಲಿ ಇದ್ದದ್ದು ಮುಖವಲ್ಲ, ಒಂದು ಮಸಿಯ ಕಲೆ.

"ಇದ್ನ ಕಂಡು ಅವ್ರೇ ನಗ್ತಿದ್ರು ಅಮಾ. ಹಂದಿ ಫೋಟೋ ತೆಗ್ದು ನನ್ನ ಹೆಸ್ರು ಬರ್ದಾರೆ ಅಂತಿದ್ರು" ಎಂದು ಗಂಗೆ ಹೇಳಿ, ನಗಲು ಹೋಗಿ ಅತ್ತುಬಿಟ್ಟಳು.

"ಬೇರೆ ಎಲ್ಲೂ ಫೋಟೋ ತೆಗೆಸಿಲ್ವಾ?"

"ತೆಗ್ಸಿದಾರೆ. ನಿಮ್ಮ ತಮ್ಮನೋರೇ ತೆಗ್ದಾರೆ. ನಮ್ಮೂರ ಹೆಗಡೇರ ಮನೆ ಮದ್ವೆಲಿ. ಚಪ್ಪರ ಹಾಕಿದೋರ್ನೆಲ್ಲ ಒಂದು ಸಾಲು ನಿಲ್ಸಿ ತೆಗೆದ್ರು. ಆಮೇಲೆ ಇವ್ರನ್ನ ಒಬ್ರನ್ನೇ ನಿಲ್ಸಿ ಇನ್ನೊಂದು ತೆಗೆದ್ರು. ಹಲಸಿನ ಹಣ್ಣು ಹೆಗಲ ಮ್ಯಾಲೆ ಇತ್ತು. ನಾನು ಅಲ್ಲೇ ನಿಂತಿದ್ದೆ, ಕಣ್ಣಾರೆ ಕಂಡೀನಿ."

"ಯಾವ ವರ್ಷ?"

"ವರ್ಷ ಗೊತ್ತಿಲ್ಲ. ನನ್ನ ಮಗಳು ತನುಜಾ ಆಗ ಕೂರೋಕೆ ಕಲ್ತಿದ್ಲು. ಈಗ ಶಾಲಿಗೆ ಹೋಗ್ತಾಳೆ."

"ಹೆಣ್ಣು ಎಲ್ಲಿಯದು?"

"ಯಲ್ಲಾಪುರದ ಆಚೆ. ಉಮ್ಮಚಗಿ."

ಇಷ್ಟು ಸಾಕಿತ್ತು. ಉಮ್ಮಚಗಿ ಎಂದು ಹುಡುಕಿದೆ. ಮೂರ್ನಾಲ್ಕು ಬಂದವು, ಅದರಲ್ಲಿ ಮದುವೆ ಒಂದೇ: 2004-05-09. ಹಾಗಾದರೆ ಗಂಡಿನ ಮನೆಯದು ಮರುದಿನ. ಸಾಲಿನಲ್ಲಿ ಅದರ ಕೆಳಗೇ ಕುಳಿತಿತ್ತು: 2004-05-10_Tyagali_Vadhupravesha. ನಾನು ಪರದೆಯನ್ನು ಗಂಗೆಯತ್ತ ತಿರುಗಿಸಿ, "ಸಿಕ್ಕಿತು ನೋಡು. ನಿನ್ನ ಗಂಡ ಇಲ್ಲೇ ಇದ್ದಾನೆ" ಎಂದೆ.

ಗಂಗೆ ಆ ಇಂಗ್ಲಿಷ್ ಅಕ್ಷರಗಳಿಗೆ ಕೈ ಮುಗಿದಳು.

ಫೋಲ್ಡರ್ ತೆರೆದೆ. ಆರತಿ, ಹೊಸ್ತಿಲ ಮೇಲಿನ ಅಕ್ಕಿಯ ಸೇರು, ಸೋದರತ್ತೆಯರು, ಮದುಮಕ್ಕಳ ಪಕ್ಕ ನಿಂತ ನೆಂಟರು. ಮತ್ತೆ ನೆಂಟರು. ಅಷ್ಟಕ್ಕೇ ಮುಗಿಯಿತು. ಚಪ್ಪರ ಹಾಕಿದವರಿಲ್ಲ. ಹಲಸಿನ ಹಣ್ಣಿಲ್ಲ. ನಾನು ಹೆಸರುಗಳ ಬಾಲ ನೋಡಿದೆ. 004, 011, 012, 029. ಕೊನೆಯದು 340. ಮುನ್ನೂರ ನಲವತ್ತಿಗೆ ಹೆಸರು ಕೊಟ್ಟವಳು ನಾನು, ಒಳಗೆ ಉಳಿದದ್ದು ನಲವತ್ತಕ್ಕಿಂತ ಸ್ವಲ್ಪ ಹೆಚ್ಚು. ಆ ನಲವತ್ತು ಚಿಲ್ಲರೆಯೂ ಆಲ್ಬಮ್ಮಿಗೆ ಆರಿಸಿದವು.

"ಇದರಲ್ಲಿ ಆಲ್ಬಮ್ಮಿನದು ಮಾತ್ರ ಉಂಟು. ಪೂರ್ತಿ ಸಿಡಿಯಲ್ಲಿ ಇರ್ತದೆ. ನಾಡಿದ್ದು ಬಾ, ತೆಗೆದಿಡ್ತೇನೆ" ಎಂದೆ. ಮಾತಿನಲ್ಲಿ ಅಳುಕಿರಲಿಲ್ಲ. ಸಿಡಿ ಇತ್ತಲ್ಲ.

ಸಿಡಿಯ ಕೆಲಸ ಸುಜಯನದು. ಕಂಪ್ಯೂಟರು ಯಾವತ್ತು ಕೈಕೊಡುವುದೋ ಹೇಳಲಾಗದು, ಅದಕ್ಕೆ ಪ್ರತಿಯೊಂದು ಕಾರ್ಯಕ್ರಮವನ್ನೂ ಸಿಡಿಗೆ ಹಾಕಿ ಇಡಬೇಕೆಂದು ನಾನೇ ಹಠ ಹಿಡಿದಿದ್ದೆ. ವರ್ಷಗಟ್ಟಲೆ ಅವನು ಹಾಕುತ್ತ ಬಂದಿದ್ದ. ನಾನು ಆಗಾಗ ಪೆಟ್ಟಿಗೆ ತೆರೆದು ನೋಡುತ್ತಿದ್ದೆ. ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ನಾನು ಹೇಳಿಕೊಟ್ಟ ಹಾಗೆಯೇ ವರ್ಷ, ತಿಂಗಳು, ದಿನ, ಊರು, ಕಾರ್ಯಕ್ರಮ. ಸೊನ್ನೆ ಕೂಡ ಬಿಟ್ಟಿರಲಿಲ್ಲ. ಅವನ ಅಕ್ಷರ ಮುದ್ದಾಗಿತ್ತು.

ತ್ಯಾಗಲಿಯ ಸಿಡಿ ಕ್ಷಣದಲ್ಲಿ ಸಿಕ್ಕಿತು. ಹಾಕಿದೆ. ಕಂಪ್ಯೂಟರು ಗರಗರ ತಿರುಗಿಸಿ ಸುಮ್ಮನಾಯಿತು. ಏನೂ ಇಲ್ಲ ಎಂದಿತು. ಧೂಳಿರಬೇಕೆಂದು ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಏನೂ ಇಲ್ಲ. ಹೊರಗೆ ತೆಗೆದು ಮಗುಚಿ ಬೆಳಕಿಗೆ ಹಿಡಿದೆ. ಸಿಡಿಗೆ ಏನಾದರೂ ಬರೆದಿದ್ದರೆ ಒಳಗಿನಿಂದ ಶುರುವಾಗಿ ಬರೆದಷ್ಟು ಅಗಲಕ್ಕೆ ಒಂದು ಬಣ್ಣ, ಅದರಾಚೆ ಇನ್ನೊಂದು ಬಣ್ಣ ಕಾಣುತ್ತದೆ. ಇದರಲ್ಲಿ ಅಂಚಿನ ತನಕ ಒಂದೇ ಬಣ್ಣ. ಅಂಗಡಿಯಿಂದ ತಂದ ಹಾಗೇ ಇತ್ತು.

ಪೆಟ್ಟಿಗೆಯನ್ನೇ ಮಗುಚಿದೆ. ಮೊದಮೊದಲಿನ ಕೆಲವಕ್ಕೆ ಆ ಬಣ್ಣದ ಬಳೆ ಇತ್ತು. 2003ರ ಕೊನೆಯಿಂದ ಈಚೆಗೆ ಒಂದಕ್ಕೂ ಇರಲಿಲ್ಲ. ಖಾಲಿ ಸಿಡಿ, ಮೇಲೆ ಮುದ್ದಾದ ಅಕ್ಷರ. ಖಾಲಿ ಸಿಡಿ, ಮುದ್ದಾದ ಅಕ್ಷರ. ನೆಲದ ಮೇಲೆ ಅವುಗಳ ನಡುವೆ ಕೂತಾಗ ಸಿಟ್ಟಿಗಿಂತ ಮೊದಲು ಬಂದದ್ದು ಅವಮಾನ. ಇಷ್ಟು ವರ್ಷ ನನ್ನ ಕಣ್ಣೆದುರೇ ಇವನ್ನು ಪೆಟ್ಟಿಗೆಗೆ ಹಾಕುತ್ತಿದ್ದ, ನಾನು ಮೇಲಿನ ಹೆಸರು ಓದಿ ಭೇಷ್ ಎನ್ನುತ್ತಿದ್ದೆ.

ಸುಜಯ ಬಂದವನು ನೆಲವನ್ನೂ ನನ್ನನ್ನೂ ನೋಡಿ ಬಾಗಿಲಲ್ಲೇ ನಿಂತ.

"ಎಂತದಾ ಇದು?" ಎಂದೆ.

"ಅಕ್ಕಾ, ಒಂದೊಂದು ಸಿಡಿ ಬರ್ಯಲೆ ಅರ್ಧ ತಾಸು ಬೇಕಾಗ್ತಿತ್ತು. ನಡುವೆ ಮೌಸ್ ಮುಟ್ಟಿದ್ರೆ ಹಾಳಾಗ್ತಿತ್ತು. ಆನು ವಿಡಿಯೋ ಎಡಿಟ್ ಮಾಡವೋ, ಅದ್ರ ಎದ್ರಿಗೆ ಕೂರವೋ?"

"ಮಾಡಿದ್ನಿಲ್ಲೆ ಅಂತ ಹೇಳಲಾಗಿತ್ತು."

"ಹೇಳಿದ್ರೆ ನೀನು ಬಿಡ್ತಿದ್ಯಾ?"

"ಫೋಲ್ಡರಲ್ಲಿ ಇದ್ದಿದ್ದು ಎಲ್ಲಿ ಹೋತು?"

ಅವನು ಉತ್ತರಕ್ಕೆ ತಡಮಾಡಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು. "ಡಿಸ್ಕಲ್ಲಿ ಜಾಗ ಎಲ್ಲಿತ್ತು? ಒಂದು ಮದ್ವೆ ವಿಡಿಯೋ ಇಳಿಸಿದ್ರೆ ಅರ್ಧ ತುಂಬ್ತು. ಆಲ್ಬಮ್ ಕೊಟ್ಟು ಮುಗಿದ ಮೇಲೆ ಬೇಡದ್ದನ್ನ ಅಳಿಸ್ದೆ. ಆರಿಸಿದ್ದೆಲ್ಲ ಇಟ್ಟಿದ್ದೆ. ನೀ ಕೊಟ್ಟ ಹೆಸ್ರು ಒಂದೂ ಬದ್ಲು ಮಾಡಿದ್ನಿಲ್ಲೆ."

"ಬೇಡದ್ದು ಅಂದ್ರೆ?"

"ಅಡಿಗೆಯವು, ಚಪ್ಪರದವು, ಎಲೆ ತೆಗ್ಯವು. ಅವೆಲ್ಲ ಆಲ್ಬಮ್ಮಿಗೆ ಬರ್ತ್ವಿಲ್ಲೆ. ಯಾರು ಕೇಳ್ತ ಅವ್ರನ್ನ?"

ಆಗ ನನಗೆ ಅರ್ಥವಾಯಿತು. ನಾನು ಯಾರನ್ನೂ ಬರಿಗೈಯಲ್ಲಿ ಕಳಿಸಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಕೇಳಿಕೊಂಡು ಬಂದವರೆಲ್ಲ ಮದುಮಕ್ಕಳ ಪಕ್ಕ ನಿಲ್ಲುವ ಪೈಕಿಯವರು. ಚಪ್ಪರ ಹಾಕಿದವರ ಪೈಕಿ ಕೇಳಿಕೊಂಡು ಬಂದವಳು ಗಂಗೆಯೇ ಮೊದಲು. ಈ ಮಾತನ್ನು ನಾನು ಸುಜಯನಿಗೆ ಕೂಗಿ ಹೇಳಿದೆ. ಅಪ್ಪನ ಹೆಸರೆತ್ತಿ ಬೈದೆ. ನಾಗಪತಿ ಇಣುಕಿ ನೋಡಿ ತಲೆ ಒಳಗೆಳೆದುಕೊಂಡ. ಸುಜಯ ನೆಲದ ಸಿಡಿಗಳನ್ನು ಆರಿಸಿ ಪೆಟ್ಟಿಗೆಗೆ ಹಾಕತೊಡಗಿದ. ಕೊನೆಗೆ, "ಅಳಿಸಿದ್ದನ್ನ ಎತ್ತುವ ಸಾಫ್ಟ್‌ವೇರ್ ಇದ್ದಡ. ಹುಬ್ಬಳ್ಳಿಲಿ ಒಬ್ಬವ ಗೊತ್ತಿದ್ದ. ಆನು ನೋಡ್ತೆ. ನೀನು ಸಮಾಧಾನ ಮಾಡ್ಕ" ಎಂದ. ದನಿ ಸಣ್ಣದಾಗಿತ್ತು. ಸಣ್ಣವನಿದ್ದಾಗ ಹಂಚು ಒಡೆದು ಬಂದು ನಿಲ್ಲುತ್ತಿದ್ದ ಹುಡುಗನ ದನಿ. ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು.

ಮರುದಿನ ಸಂಜೆ ಅವನು ಕಂಪ್ಯೂಟರಿನ ಎದುರಿಂದ ಎದ್ದು, "ಅಕ್ಕಾ, ಬಾ ಇಲ್ಲಿ" ಎಂದು ಕರೆದ. "ಎಲ್ಲ ಹೋಗಿದ್ದು. ಅದ್ರ ಮೇಲೆ ವಿಡಿಯೋ ಬರ್ದು ಹೋಜು. ಆದ್ರೆ ಒಂದು ಸಿಕ್ಕಿದ್ದು ನೋಡು."

ಪರದೆಯ ಮೇಲೆ ಒಬ್ಬ ಗಂಡಸು ನಗುತ್ತಿದ್ದ. ಹಿಂದೆ ಚಪ್ಪರದ ಕಂಬ, ಹೆಗಲ ಮೇಲೆ ಬಿಳಿ ಪಂಚೆ. ಹೆಸರು: 2004-05-10_Tyagali_Vadhupravesha_217. ಅದರ ಮುಂಚಿನದು 198, ಆಮೇಲಿನದು 231. ಖಾಲಿ ಇದ್ದ ಜಾಗದ ನಡುವೆ ಸರಿಯಾಗಿ ಕೂತಿತ್ತು.

"ಹಲಸಿನ ಹಣ್ಣು?"

"ಇಳಿಸಿದ ಮೇಲೆ ತೆಗ್ದಿದ್ದೇನ. ಇವನೇಯ. ಎನಗೆ ನೆನಪಿದ್ದು."

ಚೌಡನ ಮುಖ ನಾನು ನೋಡಿದವಳಲ್ಲ. ಆದರೆ ಆ ಹೆಸರನ್ನು ಇಟ್ಟವಳು ನಾನೇ, ಆ ಹೆಸರು ನನಗೆ ಗೊತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಸುಜಯನ ತಲೆಯ ಮೇಲೆ ಕೈಯಿಟ್ಟೆ. ನೆನೆದರೆ ಆ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಹೇಳಿದ ದಿನ ಗಂಗೆ ಬಸ್ಸು ತಪ್ಪಿ ಬರಲಾಗಲಿಲ್ಲ ಎಂದು ಊರಿನ ಅಂಗಡಿಯಿಂದ ಫೋನು ಮಾಡಿಸಿದಳು. ನಾನು ಫೋಟೋಕ್ಕೆ ಕಟ್ಟು ಹಾಕಿಸಿ, ಗಾಜು ಒಡೆಯದಂತೆ ಹಳೆಯ ಸೀರೆಯಲ್ಲಿ ಸುತ್ತಿ, ಕಾರ್ಯದ ದಿನ ನಾನೇ ತ್ಯಾಗಲಿಗೆ ಹೋದೆ. ಮಡಿಲಲ್ಲಿ ಮಗುವನ್ನು ಇಟ್ಟುಕೊಂಡವಳ ಹಾಗೆ ಇಡೀ ದಾರಿ ಅದನ್ನು ಹಿಡಿದುಕೊಂಡು ಕೂತಿದ್ದೆ.

ಅಂಗಳದಲ್ಲಿ ಜನ ಸೇರಿದ್ದರು. ಗಂಗೆ ಹಿತ್ತಲಲ್ಲಿದ್ದಳು. ಚೌಡನ ತಾಯಿ ದುರ್ಗಮ್ಮ ಜಗುಲಿಯಲ್ಲಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಬಂದ್ರಾ ಅಮಾ? ನನ್ ಮಗನ್ನ ತಂದ್ರಾ?" ಎಂದು ಎರಡೂ ಕೈ ಚಾಚಿದಳು. ನಾನು ಸೀರೆ ಬಿಚ್ಚಿ ಕೊಟ್ಟೆ. ಮುದುಕಿ ಕಟ್ಟನ್ನು ಮೂಗಿನ ತುದಿಗೆ ಹಿಡಿದು ನೋಡಿದಳು, ಗಾಜನ್ನು ಕೆನ್ನೆಗೆ ಒತ್ತಿಕೊಂಡಳು, "ನಗ್ತಾ ಇದಾನೆ, ನಗ್ತಾ ಇದಾನೆ" ಎಂದು ಅತ್ತಳು. ಪಕ್ಕದ ತಟ್ಟೆಯಲ್ಲಿದ್ದ ಹೂವಿನ ಹಾರವನ್ನು ತಡವಿ ತೆಗೆದು ತಾನೇ ಹಾಕಿದಳು.

ಅಂಗಳದ ಮಾತು ನಿಂತಿತು. ನಾನು ತಲೆ ಎತ್ತಿದೆ. ಎಲ್ಲರೂ ಫೋಟೋವನ್ನೂ, ತಿರುಗಿ ಅಂಗಳದ ಮೂಲೆಯನ್ನೂ ನೋಡುತ್ತಿದ್ದರು. ಮೂಲೆಯಲ್ಲಿ ಸೌದೆ ಇಳಿಸುತ್ತಿದ್ದ ಗಂಡಸು ನೆಟ್ಟಗೆ ನಿಂತಿದ್ದ. ಫೋಟೋದಲ್ಲಿ ನಗುತ್ತಿದ್ದವನು ಅವನೇ.

ಗಂಗೆ ಹಿತ್ತಲಿಂದ ಬಂದಳು. ನೋಡಿದಳು. "ಇವ್ರಲ್ಲ" ಎಂದಳು. "ಇದು ಕಲ್ಲಯ್ಯ."

ದುರ್ಗಮ್ಮನಿಗೆ ಕಿವಿಯೂ ಮಂದ. ಅವಳು ಹಾರ ಸರಿಮಾಡುತ್ತಿದ್ದಳು. ಬದುಕಿರುವವನ ಫೋಟೋಕ್ಕೆ ಹಾರ ಹಾಕುವುದೆಂದರೆ ಎಂಥ ಅಪಶಕುನವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಯ್ಯನ ಹೆಂಡತಿ ಹೊನ್ನಿ ಚೀರಿ ಮುಂದೆ ಬಂದಳು. ಕಲ್ಲಯ್ಯ ಅವಳ ರಟ್ಟೆ ಹಿಡಿದು ನಿಲ್ಲಿಸಿದ. ಅವನ ಮುಖ ಬಿಳಿಚಿತ್ತು. ಆ ಮುದುಕಿಯತ್ತ ನೋಡಿದ.

"ಬಿಡು" ಎಂದ. "ಅಜ್ಜಿ ಮಗ ಸಿಕ್ದ ಅಂದ್ಕಂಡದೆ. ಈಗ ಕಿತ್ಕಂಡ್ರೆ ಇವತ್ತೇ ಸಾಯ್ತದೆ. ಅಜ್ಜಿ ಇರೋ ತನಕ ಇರ್ಲಿ." ಆಮೇಲೆ ನನ್ನ ಕಡೆ ತಿರುಗಿ, "ಈ ಪಂಚೆ ನಂಗೆ ಹೆಗಡೇರು ಕೊಟ್ಟಿದ್ದು ಅವ್ರ ತಮ್ಮನ ಮಗನ ಉಪನಯನದಲ್ಲಿ ಅಮಾ. ಹೋದ ವರ್ಷ" ಎಂದ. ದನಿಯಲ್ಲಿ ಬೈಗಳಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಗಂಗೆಯ ಹತ್ತಿರ ಹೋದೆ. ಏನು ಹೇಳಿದೆನೋ ಗೊತ್ತಿಲ್ಲ. ಅವಳು ನನ್ನ ಮುಖ ನೋಡದೆ, "ನೀವು ಸಿಕ್ಕಿತು ಅಂದ್ರಿ. ನಾನು ಕೈ ಮುಗ್ದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಯಾರೂ ನನಗೆ ಕೂರಲು ಹೇಳಲಿಲ್ಲ. ಹೇಳಿದ್ದರೂ ಕೂರುವ ಮುಖ ನನಗಿರಲಿಲ್ಲ.

ಸ್ಟುಡಿಯೋಕ್ಕೆ ಬಂದಾಗ ಸುಜಯ ಚಹಾ ಕುಡಿಯುತ್ತಿದ್ದ. "ಖುಷಿ ಆತಾ ಅವ್ಕೆ?" ಎಂದು ಕೇಳಿದ. ನಾನು ಆ 217ರ ಮೇಲೆ ಮೌಸ್ ಒತ್ತಿ ಅದರ ವಿವರ ತೆರೆದೆ. ಫೈಲಿಗೆ ಯಾವ ಹೆಸರನ್ನು ಬೇಕಾದರೂ ಕೊಡಬಹುದು, ಆದರೆ ಕ್ಯಾಮೆರಾ ಕ್ಲಿಕ್ ಆದ ದಿನವನ್ನು ಫೋಟೋದ ಒಳಗೇ ಬರೆದಿರುತ್ತದೆ, ಹೆಸರು ಬದಲಿಸಿದರೆ ಅದು ಬದಲಾಗುವುದಿಲ್ಲ. ಅಲ್ಲಿ 2007 ಎಂದಿತ್ತು. ಅದನ್ನು ನಾನು ಎರಡು ದಿನ ಮುಂಚೆಯೇ ನೋಡಬಹುದಿತ್ತು. ನೋಡಬೇಕೆಂದು ಅನ್ನಿಸಿರಲಿಲ್ಲ.

"ಉಪನಯನದ ಫೋಲ್ಡರಿಂದ ತೆಗ್ದೆ, ಅಲ್ದಾ?"

ಅವನು ಲೋಟ ಕೆಳಗಿಟ್ಟ. "ತ್ಯಾಗಲಿ ಹೇಳಿ ಹುಡ್ಕಿದೆ, ಬಂತು. ಹೆಗಡೇರು ಪಂಚೆ ಕೊಟ್ಟಿದ್ದಕ್ಕೆ ಅದು ಆಲ್ಬಮ್ಮಿಗೆ ಆರಿಸಿದ್ದು. ನಿನ್ನ ಹೆಸ್ರಿಂದಾಗಿ ಲಗೂ ಸಿಕ್ತು" ಎಂದ. ಹಾಸ್ಯಕ್ಕೆ ಹೇಳಿದ್ದಲ್ಲ. ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. "ಅವೆಲ್ಲ ನೋಡಲೆ ಒಂದೇ ನಮೂನಿ ಇರ್ತ ಅಕ್ಕಾ. ನೀನು ಅಷ್ಟು ಸಂಕಟ ಪಡ್ತಾ ಇದ್ದಿದ್ದೆ. ನಿಂಗೋಸ್ಕರವೇ ಮಾಡ್ದೆ."

ನಾನು ಅವನ ಕೆನ್ನೆಗೆ ಹೊಡೆದೆ. ಮದುವೆಯಾಗಿ ಮಕ್ಕಳಿರುವ ತಮ್ಮನಿಗೆ, ಅಂಗಡಿಯ ಬಾಗಿಲು ತೆರೆದಿರುವಾಗ. ಅವನು ಕೆನ್ನೆ ಸವರಿಕೊಂಡು, ನಿಜವಾಗಿಯೂ ಅರ್ಥವಾಗದವನ ಹಾಗೆ ನನ್ನನ್ನು ನೋಡಿದ. ಅಪ್ಪನ ಮುಖ. ಅವತ್ತಿನಿಂದ ಆ ಮುಖ ನೋಡಿದರೆ ಅಪ್ಪನ ನೆನಪೂ ಬೇಡ ಅನ್ನಿಸುತ್ತದೆ. ಅವನು ಮಾಡಿದ ನಷ್ಟಗಳಲ್ಲಿ ಅದೂ ಒಂದು.

ಆಮೇಲಿನ ದಿನಗಳಲ್ಲಿ ನಾನು ಕೂತು ಒಂದೊಂದೇ ಫೋಲ್ಡರ್ ತೆರೆದು ನೋಡಿದೆ. ಹೆಸರಿನ ಬಾಲಗಳಲ್ಲಿ ನಂಬರು ಹಾರಿದ್ದಲ್ಲೆಲ್ಲ ಯಾರೋ ಇದ್ದರು. ಹೋಳಿಗೆ ಬೇಯಿಸಿದವರು, ಬಾವಿಯಿಂದ ನೀರು ಸೇದಿದವರು, ವಾಲಗ ಊದಿದವರು. ಫೋಲ್ಡರುಗಳ ಹೆಸರನ್ನೆಲ್ಲ ಬದಲಿಸಿ ಕೊನೆಯಲ್ಲಿ 'ಆಲ್ಬಮ್ ಮಾತ್ರ' ಎಂದು ಸೇರಿಸಿದೆ. ಉಮ್ಮಚಗಿಗೂ ತ್ಯಾಗಲಿಯ ಹೆಗಡೆಯವರ ಮನೆಗೂ ಹೋಗಿ ಯಾರ ಬಳಿಯಾದರೂ ಬೇರೆ ಫೋಟೋ ಉಂಟೇ ಎಂದು ಕೇಳಿದೆ. ಆಲ್ಬಮ್ ತೋರಿಸಿ ಕಾಫಿ ಕೊಟ್ಟರು. ಚೌಡ ಕಟ್ಟಿದ ಚಪ್ಪರ ಪ್ರತಿ ಪುಟದಲ್ಲೂ ಇತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಗಂಗೆ ತಾನಾಗಿಯೇ ಬಂದಳು. ಸಿಡುಕಲಿಲ್ಲ, ಜಗಳ ತೆಗೆಯಲಿಲ್ಲ. ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತಳು. ನಾನು ನೀರು ಕೊಟ್ಟೆ, ಕುಡಿದಳು.

"ಅತ್ತೆ ಬೆಳಗಾದ್ರೆ ಅದ್ಕೆ ಹೂ ಹಾಕು ಅಂತದೆ ಅಮಾ" ಎಂದಳು. "ಇಲ್ಲ ಅಂದ್ರೆ ಅಳ್ತದೆ. ನಾನು ಹಾಕ್ತೀನಿ. ದಿನಾ ಹಾಕ್ತೀನಿ."

"ಗಂಗೆ, ನಾನು..."

"ಬೈಯಾಕೆ ಬಂದಿದ್ದಲ್ಲ ಅಮಾ. ಒಂದು ಕೇಳಾಕೆ ಬಂದೆ." ಅವಳು ಲೋಟವನ್ನು ಕೈಯಲ್ಲಿ ತಿರುಗಿಸಿದಳು. "ಮೊದ್ಲು ಕಣ್ಣು ಮುಚ್ಚಿದ್ರೆ ಇವ್ರು ಬರ್ತಿದ್ರು. ಹಲಸಿನ ಹಣ್ಣು ಹೊತ್ಕಂಡು, ಹಂಗೇ. ಈಗ ಹೆಗಲು ಬರ್ತದೆ, ಹಣ್ಣು ಬರ್ತದೆ. ಮುಖ ಕಲ್ಲಯ್ಯಂದು ಬರ್ತದೆ. ನಿಮ್ಮ ಆ ಮಿಷನ್ನಾಗೆ ನನ್ನ ಗಂಡನ್ನ ಮೊದ್ಲಿನ ಹಂಗೆ ಮಾಡಾಕೆ ಆಗ್ತದಾ ಅಮಾ?"